ಚಿನ್ನದ ಸಾಲದ ಹೊಸ ನಿಯಮ: ಒಂದೇ ದಿನ ಹೊರಡುವ ಮೂರು ಪ್ರಕಟಣೆಗಳು

ಮೊದಲಿಗೆ ಒಂದು ಟಿಪ್ಪಣಿ
ಕಂಪನಿ ಕಾರ್ಯದರ್ಶಿಯಿಂದ ಎಲ್ಲ ವಿಭಾಗದ ಮುಖ್ಯಸ್ಥರಿಗೆ
ದಾವಣಗೆರೆ, 9 ಮಾರ್ಚ್ 2026

ಮೂರೂ ಪತ್ರ ಇವತ್ತೇ ಹೋಗುತ್ತವೆ. ಸಿಬ್ಬಂದಿಗೆ ಬೆಳಗ್ಗೆ 9ಕ್ಕೆ, ಕೌಂಟರ್ ತೆರೆಯುವ ಮುಂಚೆ. ಗ್ರಾಹಕರ ಪತ್ರ 11ಕ್ಕೆ ಶಾಖೆಗಳ ಗೋಡೆಗೂ ವಾಟ್ಸ್‌ಆ್ಯಪ್‌ಗೂ. ಹೂಡಿಕೆದಾರರಿಗೆ ಅದೇ ಹೊತ್ತಿಗೆ ಇ-ಮೇಲ್. ಗ್ರಾಹಕರು ಬಂದು ಕೇಳಿದಾಗ ನಮ್ಮ ಕ್ಯಾಷಿಯರ್ ಕಣ್ಣು ಕಣ್ಣು ಬಿಡಬಾರದು, ಅದಕ್ಕೇ ಈ ಕ್ರಮ.

ಮಾತಿನ ಧಾಟಿ ಮೂರರಲ್ಲೂ ಬೇರೆ, ಅಂಕಿ ಒಂದೇ. ಒಂದರಲ್ಲಿ ಏನಾದರೂ ತಿದ್ದಿದರೆ ಉಳಿದೆರಡನ್ನೂ ತೆಗೆದು ನೋಡಿ. ‘ಈಗ ಶೇ. 85ರಷ್ಟು ಸಾಲ!’ ಎಂಬ ಬ್ಯಾನರ್ ಬೇಕೆಂದು ಮಾರ್ಕೆಟಿಂಗ್‌ನವರು ಕೇಳಿದ್ದರು. ಬೇಡ ಎಂದಿದ್ದೇನೆ. ಯಾಕೆ ಎಂಬುದು ಗ್ರಾಹಕರ ಪತ್ರದ ಲೆಕ್ಕ ಓದಿದರೆ ತಿಳಿಯುತ್ತದೆ.

1. ಸಿಬ್ಬಂದಿಗೆ

ಆತ್ಮೀಯ ಸಹೋದ್ಯೋಗಿಗಳೆ,

ಚಿನ್ನ, ಬೆಳ್ಳಿ ಅಡವಿನ ಸಾಲದ ಬಗ್ಗೆ ರಿಸರ್ವ್ ಬ್ಯಾಂಕ್ 2025ರ ಜೂನ್ 6ರಂದು ಹೊರಡಿಸಿದ ನಿರ್ದೇಶನಗಳು ಏಪ್ರಿಲ್ 1ರಿಂದ ನಮ್ಮ 38 ಶಾಖೆಗಳಲ್ಲೂ ಜಾರಿಗೆ ಬರುತ್ತವೆ. ಆವತ್ತಿನಿಂದ ಕೌಂಟರ್‌ನಲ್ಲಿ ಬದಲಾಗುವುದು ಇಷ್ಟು.

ಒಡವೆ ಪರೀಕ್ಷೆ ಗ್ರಾಹಕರ ಕಣ್ಣೆದುರೇ ಆಗಬೇಕು. ‘ಅಮ್ಮಾ, ನೀವು ಕೂತಿರಿ, ಒಳಗೆ ತೂಗಿಸಿಕೊಂಡು ಬರ್ತೀನಿ’ ಎನ್ನುವ ರೂಢಿ ಇನ್ನು ನಡೆಯುವುದಿಲ್ಲ. ಒಟ್ಟು ತೂಕ, ಕಲ್ಲು-ಅರಗಿಗೆ ಕಳೆದದ್ದು, ನಿವ್ವಳ ತೂಕ, ಕ್ಯಾರೆಟ್, ಮೌಲ್ಯ, ಒಡವೆಯಲ್ಲಿ ಬಿರುಕೋ ಡೊಂಕೋ ಇದ್ದರೆ ಅದು, ಇಷ್ಟನ್ನೂ ಬರೆದ ಪ್ರಮಾಣಪತ್ರ ಎರಡು ಪ್ರತಿ. ಒಂದಕ್ಕೆ ಗ್ರಾಹಕರ ಸಹಿ ಹಾಕಿಸಿ ಇಟ್ಟುಕೊಳ್ಳಿ, ಇನ್ನೊಂದು ಅವರ ಕೈಗೆ. ಓದುಬರಹ ಬಾರದವರಿಗೆ ಷರತ್ತುಗಳನ್ನು ಸಾಕ್ಷಿಯ ಎದುರು ಓದಿ ಹೇಳಬೇಕು. ಆ ಸಾಕ್ಷಿ ನಮ್ಮ ಸಿಬ್ಬಂದಿ ಆಗಿರಬಾರದು.

ಚಿನ್ನದ ದರ ಇನ್ನು ಎರಡರಲ್ಲಿ ಕಡಿಮೆಯದು: ಹಿಂದಿನ 30 ದಿನದ ಮುಕ್ತಾಯ ದರದ ಸರಾಸರಿ ಅಥವಾ ಹಿಂದಿನ ದಿನದ ಮುಕ್ತಾಯ ದರ. ಪ್ರತಿದಿನ ಬೆಳಗ್ಗೆ ಸಿಸ್ಟಮ್‌ನಲ್ಲಿ ಬಂದಿರುತ್ತದೆ, ನೀವು ಬದಲಿಸಲು ಬರುವುದಿಲ್ಲ. ಎದುರಿನ ಆಭರಣದಂಗಡಿಯ ಬೋರ್ಡ್ ತೋರಿಸಿ ಗ್ರಾಹಕರು ವಾದಿಸುತ್ತಾರೆ. ಅದು ಮಾರುವ ದರ, ಇದು ಅಡವಿನ ದರ ಎಂದು ಸಮಾಧಾನವಾಗಿ ಹೇಳಿ.

ಇನ್ನು ರಿನ್ಯೂವಲ್ ವಿಷಯ. ವರ್ಷದ ಕೊನೆಗೆ ಬಡ್ಡಿಯನ್ನು ಅಸಲಿಗೆ ಸೇರಿಸಿ ಅದೇ ಪ್ಯಾಕೆಟ್ ಮೇಲೆ ಹೊಸ ಸಾಲ ಬರೆಯುವುದು ಬಂದ್. ಬಡ್ಡಿ ಪೂರ್ತಿ ಕಟ್ಟಿ, ಗ್ರಾಹಕರೇ ಅರ್ಜಿ ಕೊಟ್ಟರೆ ಮಾತ್ರ ನವೀಕರಣ. ಇದು ನಿಮ್ಮ ಇನ್ಸೆಂಟಿವ್‌ಗೆ ಹೊಡೆತ ಎಂಬುದು ಗೊತ್ತಿರುವುದರಿಂದ ಲೆಕ್ಕವನ್ನೇ ಬದಲಿಸಿದ್ದೇವೆ. ಏಪ್ರಿಲ್‌ನಿಂದ ನವೀಕರಣದ ಸಂಖ್ಯೆಗೆ ಅಂಕ ಇಲ್ಲ. ತಿಂಗಳು ತಿಂಗಳು ವಸೂಲಾದ ಬಡ್ಡಿಗೆ ಅಂಕ.

ಎಲ್ಲರೂ ಕೇಳುತ್ತಿರುವುದು ₹5,000ದ ಬಗ್ಗೆ. ಸಾಲ ತೀರಿದ ದಿನವೇ ಒಡವೆ ಕೊಡಬೇಕು, ಹೆಚ್ಚೆಂದರೆ 7 ಕೆಲಸದ ದಿನ. ನಮ್ಮಿಂದ ತಡವಾದರೆ ದಿನಕ್ಕೆ ₹5,000 ಪರಿಹಾರ. ಅದನ್ನು ಕಂಪನಿ ಕಟ್ಟುತ್ತದೆ, ಯಾರ ಸಂಬಳದಿಂದಲೂ ಹಿಡಿಯುವುದಿಲ್ಲ. ಆದರೆ ತಡವಾಗುತ್ತದೆ ಎಂದು ಗೊತ್ತಾದ ದಿನವೇ ಪ್ರಧಾನ ಕಚೇರಿಗೆ ತಿಳಿಸಿ. ಸಣ್ಣ ಶಾಖೆಗಳ ಪ್ಯಾಕೆಟ್‌ಗಳು ದಾವಣಗೆರೆಯ ಸ್ಟ್ರಾಂಗ್ ರೂಮ್‌ನಲ್ಲಿರುವುದರಿಂದ ಮಂಗಳವಾರ, ಶುಕ್ರವಾರದ ವಾಹನ ತಪ್ಪಿಸಬೇಡಿ.

ತರಬೇತಿ ಯುಗಾದಿ ಮುಗಿದ ಮೇಲೆ, ಮಾರ್ಚ್ 23ರಿಂದ. ಮೊದಲು ಅಪ್ರೈಸರ್‌ಗಳಿಗೆ.

— ವ್ಯವಸ್ಥಾಪಕ ನಿರ್ದೇಶಕರು

2. ಗ್ರಾಹಕರಿಗೆ

ಮಾನ್ಯ ಗ್ರಾಹಕರೆ,

ಏಪ್ರಿಲ್ 1ರಿಂದ ಚಿನ್ನದ ಸಾಲದ ನಿಯಮ ಬದಲಾಗುತ್ತಿದೆ. ಈಗಾಗಲೇ ಅಡವಿಟ್ಟಿರುವವರು ಗಾಬರಿಯಾಗಬೇಕಿಲ್ಲ. ನಿಮ್ಮ ಸಾಲ ಅದರ ಅವಧಿ ಮುಗಿಯುವವರೆಗೆ ಹಳೆಯ ಷರತ್ತಿನಲ್ಲೇ ನಡೆಯುತ್ತದೆ.

ಎಷ್ಟು ಸಾಲ ಸಿಗುತ್ತದೆ? ಎರಡೂವರೆ ಲಕ್ಷದವರೆಗಿನ ಸಾಲಕ್ಕೆ ಚಿನ್ನದ ಮೌಲ್ಯದ ಶೇ. 85ರವರೆಗೆ, ಐದು ಲಕ್ಷದವರೆಗೆ ಶೇ. 80, ಅದಕ್ಕೂ ಹೆಚ್ಚಿನದಕ್ಕೆ ಶೇ. 75. ಇದುವರೆಗೆ ಎಲ್ಲದಕ್ಕೂ ಶೇ. 75 ಇತ್ತು.

ಆದರೆ ಹೇಗೆ ತೀರಿಸುತ್ತೀರಿ ಎಂಬುದನ್ನು ಮೊದಲೇ ಯೋಚಿಸಿ. ನಿಮ್ಮ ಬಳೆ, ಸರದ ಮೌಲ್ಯ ₹2 ಲಕ್ಷ, ಬಡ್ಡಿ ವರ್ಷಕ್ಕೆ ಶೇ. 12 ಎಂದುಕೊಳ್ಳಿ. ತಿಂಗಳು ತಿಂಗಳು ಬಡ್ಡಿ ಕಟ್ಟುವುದಾದರೆ ₹1,70,000ದವರೆಗೆ ಸಾಲ ಸಿಗುತ್ತದೆ. ವರ್ಷದ ಕೊನೆಗೆ ಅಸಲು, ಬಡ್ಡಿ ಒಟ್ಟಿಗೆ ಕಟ್ಟುವುದಾದರೆ ಎರಡೂ ಸೇರಿ ಆ ₹1,70,000ದ ಒಳಗೇ ಇರಬೇಕು. ಹಾಗಾಗಿ ಕೈಗೆ ಸಿಗುವುದು ಸುಮಾರು ₹1,51,700. ಮೊದಲಿನ ₹1,50,000ಕ್ಕಿಂತ ಅಷ್ಟೇನೂ ಹೆಚ್ಚಲ್ಲ. ₹10 ಲಕ್ಷ ಮೌಲ್ಯದ ಚಿನ್ನ ಇಟ್ಟು ಕೊನೆಗೆ ಕಟ್ಟುವವರಿಗಂತೂ ಮೊದಲಿನ ₹7,50,000ದ ಬದಲು ಸುಮಾರು ₹6,69,600 ಸಿಗುತ್ತದೆ. ಅಡಿಕೆಯೋ ಮೆಕ್ಕೆಜೋಳವೋ ಮಾರಿದ ಮೇಲೆ ಕಟ್ಟೋಣ ಎಂದು ಕಾಯುವವರು ಇದನ್ನು ಗಮನದಲ್ಲಿಡಿ. ಒಟ್ಟಿಗೆ ಕಟ್ಟುವ ಸಾಲದ ಅವಧಿ 12 ತಿಂಗಳು ಮೀರುವಂತಿಲ್ಲ. ಮುಂದುವರಿಸಬೇಕೆಂದರೆ ಮೊದಲು ಬಡ್ಡಿ ಕಟ್ಟಿ, ನಂತರ ಅರ್ಜಿ ಕೊಡಬೇಕು.

ಕಲ್ಲು, ಮುತ್ತಿಗೆ ಬೆಲೆ ಕಟ್ಟುವುದಿಲ್ಲ. ಚಿನ್ನದ ಗಟ್ಟಿಯ ಮೇಲೆ ಸಾಲವಿಲ್ಲ. ಒಬ್ಬರು ಒಟ್ಟು 1 ಕಿಲೋ ಒಡವೆ ಮತ್ತು 50 ಗ್ರಾಂ ನಾಣ್ಯದವರೆಗೆ ಇಡಬಹುದು.

ತೂಕ ಹಾಕುವಾಗ ಎದುರಿಗೇ ನಿಂತು ನೋಡಿ. ನಿವ್ವಳ ತೂಕ ಬರೆದ ಚೀಟಿ ಕೇಳಿ ಪಡೆಯಿರಿ, ಒಡವೆ ಬಿಡಿಸಿಕೊಳ್ಳುವ ದಿನ ಅದರೊಂದಿಗೆ ತಾಳೆ ನೋಡಿ. ಸಾಲ ತೀರಿದ 7 ಕೆಲಸದ ದಿನದೊಳಗೆ ಒಡವೆ ನಿಮ್ಮ ಕೈಸೇರದೆ, ತಡ ನಮ್ಮದಾಗಿದ್ದರೆ, ದಿನಕ್ಕೆ ₹5,000 ನಿಮಗೆ ಬರಬೇಕು. ಸಾಲದ ಕಾಗದ ಕನ್ನಡದಲ್ಲೇ ಇರುತ್ತದೆ. ಬೇರೆ ಭಾಷೆ ಬೇಕಿದ್ದರೆ ಹೇಳಿ.

ಕಂತು ಕಟ್ಟಲಾಗದ ಪರಿಸ್ಥಿತಿ ಬಂದರೆ ನೋಟಿಸ್ ಬರುವವರೆಗೆ ಕಾಯದೆ ಶಾಖೆಗೆ ಬನ್ನಿ. ಹರಾಜಿಗೆ ಹೋದರೂ ಮೀಸಲು ಬೆಲೆ ಆಗಿನ ಮೌಲ್ಯದ ಶೇ. 90ಕ್ಕಿಂತ ಕಡಿಮೆ ಇರುವಂತಿಲ್ಲ. ಎರಡು ಹರಾಜು ವಿಫಲವಾದರೆ ಮಾತ್ರ ಶೇ. 85. ಸಾಲ ಕಳೆದು ಉಳಿದ ಹಣ ನಿಮ್ಮದೇ.

— ನಿಮ್ಮ ಶಾಖೆಯ ವ್ಯವಸ್ಥಾಪಕರು

3. ಹೂಡಿಕೆದಾರರಿಗೆ

ಮಾನ್ಯ ಷೇರುದಾರರೆ ಮತ್ತು ಡಿಬೆಂಚರ್‌ದಾರರೆ,

ಏಪ್ರಿಲ್ 1ರಿಂದ ಜಾರಿಯಾಗುವ ರಿಸರ್ವ್ ಬ್ಯಾಂಕ್ ನಿರ್ದೇಶನಗಳಿಗೆ ತಕ್ಕಂತೆ ಕಂಪನಿಯ ಸಾಲ ನೀತಿಯನ್ನು ನಿರ್ದೇಶಕ ಮಂಡಳಿ ಬದಲಿಸಿದೆ. ಸಾಲ-ಮೌಲ್ಯದ ಮಿತಿ ಸಾಲದ ಗಾತ್ರಕ್ಕೆ ತಕ್ಕಂತೆ ಶೇ. 85, 80, 75. ಒಂದೇ ಕಂತಿನ ಸಾಲಗಳಲ್ಲಿ ಈ ಮಿತಿ ಅಸಲಿಗಷ್ಟೇ ಅಲ್ಲ, ಅವಧಿಯ ಕೊನೆಗೆ ಬರಬೇಕಾದ ಬಡ್ಡಿಗೂ ಸೇರಿ ಅನ್ವಯಿಸುತ್ತದೆ.

ಇದರ ಪರಿಣಾಮ ನಮ್ಮ ಮೇಲೆ ಸಣ್ಣದಲ್ಲ. ನಮ್ಮ ಒಟ್ಟು ಸಾಲದಲ್ಲಿ ಶೇ. 58 ಭಾಗ ಒಂದೇ ಕಂತಿನದು. ಐದು ಲಕ್ಷ ಮೀರಿದ ಇಂಥ ಸಾಲಕ್ಕೆ ಶೇ. 12 ಬಡ್ಡಿಯಲ್ಲಿ ಆರಂಭದ ಸಾಲ ಮೌಲ್ಯದ ಶೇ. 67ಕ್ಕೆ ಇಳಿಯುತ್ತದೆ. ಬಡ್ಡಿಯನ್ನು ಅಸಲಿಗೆ ಸೇರಿಸಿ ನವೀಕರಿಸುವುದು ನಿಂತಿರುವುದರಿಂದ, ಇದುವರೆಗೆ ಬೆಳವಣಿಗೆಯಂತೆ ಕಾಣುತ್ತಿದ್ದ ಒಂದಷ್ಟು ಭಾಗ ಲೆಕ್ಕದಿಂದ ಹೋಗುತ್ತದೆ. ಮೊದಲ ಎರಡು ತ್ರೈಮಾಸಿಕಗಳಲ್ಲಿ ಸಾಲದ ಮೊತ್ತ ಬೆಳೆಯದೇ ಇರಬಹುದು, ಕುಗ್ಗಲೂಬಹುದು. ಅದೇ ವೇಳೆಗೆ ಬಡ್ಡಿ ನಗದಾಗಿ ಕೈಗೆ ಬರುವುದು ಹೆಚ್ಚಬೇಕು. ಈ ಎರಡು ಅಂಕಿಗಳನ್ನು ಜೂನ್ ತ್ರೈಮಾಸಿಕದಿಂದ ಬೇರೆ ಬೇರೆಯಾಗಿ ಕೊಡುತ್ತೇವೆ.

ಎರಡು ಅಪಾಯಗಳಿವೆ. ಸಣ್ಣ ಸಾಲಗಳಲ್ಲಿ ಶೇ. 85ರವರೆಗೆ ಕೊಟ್ಟಾಗ ಚಿನ್ನದ ದರ ಕುಸಿದರೆ ಉಳಿಯುವ ಅಂತರ ಕಡಿಮೆ, ಮಿತಿಯನ್ನಂತೂ ಸಾಲದ ಅವಧಿಯುದ್ದಕ್ಕೂ ಕಾಯ್ದುಕೊಳ್ಳಬೇಕು. ಆದ್ದರಿಂದ ಪ್ರತಿದಿನ ಮೌಲ್ಯ ಪರಿಶೀಲನೆ ನಡೆಯುತ್ತದೆ. ಎರಡನೆಯದು, ಒಡವೆ ಮರಳಿಸಲು ತಡವಾದರೆ ದಿನಕ್ಕೆ ₹5,000 ಪರಿಹಾರ. ಕೇಂದ್ರ ಸ್ಟ್ರಾಂಗ್ ರೂಮ್ ಮೇಲೆ ಅವಲಂಬಿತವಾದ 11 ಶಾಖೆಗಳಲ್ಲಿ ಈ ಅಪಾಯ ಹೆಚ್ಚು. ಅವುಗಳಿಗೆ ಸ್ವಂತ ಭದ್ರತಾ ಕೊಠಡಿ ಕಟ್ಟಿಸುವ ಖರ್ಚು ಈ ವರ್ಷದ ಬಜೆಟ್‌ನಲ್ಲಿದೆ.

ಡಿಬೆಂಚರ್ ಬಡ್ಡಿ ಮತ್ತು ಮರುಪಾವತಿಯ ದಿನಾಂಕಗಳಲ್ಲಿ ಬದಲಾವಣೆ ಇಲ್ಲ. ಇವತ್ತೇ ಸಿಬ್ಬಂದಿಗೆ, ಗ್ರಾಹಕರಿಗೆ ಕಳುಹಿಸಿದ ಪತ್ರಗಳ ಪ್ರತಿಗಳನ್ನು ಇದರೊಂದಿಗೆ ಲಗತ್ತಿಸಿದ್ದೇವೆ. ಪ್ರಶ್ನೆಗಳಿದ್ದರೆ ಮಾರ್ಚ್ 20ರೊಳಗೆ ಬರೆದು ಕಳುಹಿಸಿ. ಉತ್ತರಗಳನ್ನು ಎಲ್ಲ ಹೂಡಿಕೆದಾರರಿಗೂ ಒಟ್ಟಿಗೇ ಕಳುಹಿಸುತ್ತೇವೆ.

— ಮುಖ್ಯ ಹಣಕಾಸು ಅಧಿಕಾರಿ