5 'ಬಿ' ಗಣಿತ, ಭಿನ್ನರಾಶಿ: ನಾವಿಬ್ಬರೂ ಸೇರಿ ಮಾಡುವ ಹತ್ತು ಪೀರಿಯಡ್‌ಗಳ ಯೋಜನೆ

ಸರ್, ಶುಕ್ರವಾರ ಕೂತು ಮಾತಾಡಿದ್ದನ್ನೆಲ್ಲ ಒಂದೇ ಕಡೆ ಬರೆದಿದ್ದೇನೆ. ನಿಮಗೆ ಸರಿ ಅನ್ನಿಸದ ಕಡೆ ಇದರ ಮೇಲೇ ಪೆನ್ಸಿಲಿನಲ್ಲಿ ತಿದ್ದಿ. ಇದರ ಒಂದು ಪ್ರತಿ ಹಾಜರಿ ಪುಸ್ತಕದೊಳಗೆ ಇರಲಿ, ಇನ್ನೊಂದು ನಿಮ್ಮ ಡೈರಿಯಲ್ಲಿ.

ಮಕ್ಕಳು 38. ಪೀರಿಯಡ್ 40 ನಿಮಿಷ. ಸೋಮವಾರದಿಂದ ಶುಕ್ರವಾರ, ಎರಡು ವಾರ. ಮುಗಿಯುವ ಹೊತ್ತಿಗೆ ಮಕ್ಕಳು ಮೂರು ಕೆಲಸ ಮಾಡಬೇಕು: ಎರಡು ಭಿನ್ನರಾಶಿಗಳಲ್ಲಿ ಯಾವುದು ದೊಡ್ಡದು ಅಂತ ಕಾರಣ ಕೊಟ್ಟು ಹೇಳಬೇಕು, ಸಮಾನ ಭಿನ್ನರಾಶಿ ಗುರುತಿಸಬೇಕು, ಛೇದ ಒಂದೇ ಇದ್ದಾಗ ಕೂಡಬೇಕು. ಛೇದ ಬೇರೆ ಇರುವ ಕೂಡುವಿಕೆ ಈ ಎರಡು ವಾರದಲ್ಲಿ ಬೇಡ. ಆಸೆ ಜಾಸ್ತಿ ಇಟ್ಟುಕೊಂಡರೆ ಎಲ್ಲವೂ ಅರ್ಧಕ್ಕೆ ನಿಲ್ಲುತ್ತದೆ.

ಯಾರ ಕೈಯಲ್ಲಿ ಏನು

ಕಳೆದ ಘಟಕದಲ್ಲಿ ನಾವು ಎಡವಿದ್ದು ಪಾಠದಲ್ಲಲ್ಲ, ಪಾಠದ ಸಂದಿಗಳಲ್ಲಿ. ಒಂದು ದಿನ ಇಬ್ಬರೂ ಹೋಮ್‌ವರ್ಕ್ ಕೊಟ್ಟೆವು. ಇನ್ನೊಂದು ದಿನ ಇಬ್ಬರೂ ಹಾಜರಿ ಹಾಕಲಿಲ್ಲ. ಭಾಗಾಕಾರದ ಪಾಠದಲ್ಲಿ ನಾನು ಮಾತಾಡುತ್ತಲೇ ಇದ್ದೆ, ನೀವು ಬಾಗಿಲ ಹತ್ತಿರ ಕೈ ಕಟ್ಟಿ ನಿಂತಿದ್ದಿರಿ. ಅದು ನಿಮ್ಮ ತಪ್ಪಲ್ಲ, ನಿಮಗೆ ಕೆಲಸವೇ ಇಟ್ಟಿರಲಿಲ್ಲ. ಹಾಗಾಗಿ ಈ ಸಲ ಒಂದೇ ಕಟ್ಟುನಿಟ್ಟು: ಯಾವ ನಿಮಿಷದಲ್ಲೂ ಇಬ್ಬರಲ್ಲಿ ಯಾರಿಗೂ ಸುಮ್ನೆ ನಿಲ್ಲುವ ಕೆಲಸ ಇರಬಾರದು.

ಚಾಕ್ ಯಾರ ಕೈಯಲ್ಲಿದೆಯೋ ಪಾಠ ಅವರದು. ಇಡೀ ತರಗತಿಗೆ ಕೇಳುವಂತೆ ಮಾತಾಡುವವರು ಅವರೊಬ್ಬರೇ. ಚಾಕ್ ಇಲ್ಲದವರು ಪಿಸುಮಾತಿನಲ್ಲಿ, ಒಂದೊಂದು ಬೆಂಚಿಗೆ ಮಾತ್ರ.

ಹಾಜರಿ, ಶೌಚಕ್ಕೆ ಹೋಗುವ ಅನುಮತಿ, ಪೆನ್ಸಿಲ್ ಬಿದ್ದದ್ದು, ಜಗಳ, ಇವೆಲ್ಲ ಚಾಕ್ ಇಲ್ಲದವರ ಪಾಲು. ಒಬ್ಬರು ಬೇಡ ಅಂದರೆ ಇನ್ನೊಬ್ಬರ ಹತ್ತಿರ ಹೋಗುವ ಬುದ್ಧಿ ಮಕ್ಕಳಿಗೆ ನಾಲ್ಕೇ ದಿನದಲ್ಲಿ ಬಂದಿತ್ತು, ಅಲ್ವಾ? "ಅವರನ್ನ ಕೇಳಿದೆಯಾ?" ಅನ್ನುವುದು ನಮ್ಮಿಬ್ಬರ ಮೊದಲ ಉತ್ತರವಾಗಿರಲಿ.

ನೋಟ್‌ಬುಕ್: ಮೊದಲ ವಾರ ಬೆಸ ಕ್ರಮಸಂಖ್ಯೆ ನನಗೆ, ಸಮ ಕ್ರಮಸಂಖ್ಯೆ ನಿಮಗೆ. ಎರಡನೇ ವಾರ ಅದಲುಬದಲು. ಹೋಮ್‌ವರ್ಕ್ ಬೋರ್ಡಿನ ಬಲ ಮೂಲೆಯಲ್ಲಿ ಮಾತ್ರ. ಅಲ್ಲಿ ಆಗಲೇ ಬರೆದಿದ್ದರೆ ಇನ್ನೊಬ್ಬರು ಕೊಡುವ ಹಾಗಿಲ್ಲ. ಮನೆಯವರಿಗೆ ಹೇಳಬೇಕಾದ್ದನ್ನು ತರಗತಿ ಶಿಕ್ಷಕಿಯಾಗಿ ನಾನೇ ಹೇಳುತ್ತೇನೆ, ಆದರೆ ನಿಮಗೆ ತಿಳಿಸದೆ ಅಲ್ಲ.

ಹತ್ತು ಪೀರಿಯಡ್

1 ಮತ್ತು 2: ಸಮಭಾಗ, ಅಂಶ, ಛೇದ. ಚಾಕ್ ನನ್ನ ಕೈಯಲ್ಲಿ. ಮೊದಲ ದಿನ ನೀವು ಎಡಗಡೆ ಸಾಲುಗಳಲ್ಲಿ ಕಾಗದದ ಪಟ್ಟಿ ಮಡಿಸಲು ನೆರವಾಗಿ. ಎರಡನೇ ದಿನ ಹಿಂದೆ ಕೂತು ನನ್ನನ್ನು ನೋಡಿ (ಹಾಳೆಯ ವಿಷಯ ಕೆಳಗಿದೆ).

3: ಯಾವುದು ದೊಡ್ಡದು? ಎಲ್ಲಕ್ಕಿಂತ ಮುಖ್ಯ ಪಾಠ ಇದು, ಕೆಳಗೆ ನಿಮಿಷ ನಿಮಿಷವಾಗಿ ಬರೆದಿದ್ದೇನೆ.

4: ಮೂರನೇ ದಿನ ತಪ್ಪಿದವರಲ್ಲಿ ಆರೇಳು ಮಕ್ಕಳನ್ನು ನೀವು 15 ನಿಮಿಷ ಕಿಟಕಿ ಪಕ್ಕ ಕರೆದುಕೊಳ್ಳಿ, ಉಳಿದವರು ನನ್ನ ಜೊತೆ ಲೆಕ್ಕ ಮಾಡುತ್ತಾರೆ. ಅವರು ಒಳಗೆ ಹೋದ ಮೇಲೆ ಇನ್ನೊಂದು ಆರೇಳು. ಎಂದಿನ ಅದೇ ಆರು ಮಕ್ಕಳು ಬೇಡ. "ಕಿಟಕಿ ಪಕ್ಕದವರು" ಅಂತ ಹೆಸರು ಬಿದ್ದರೆ ಮತ್ತೆ ಅಳಿಸುವುದು ಕಷ್ಟ. ಚೆನ್ನಾಗಿ ಮಾಡಿದ ಇಬ್ಬರನ್ನೂ ಸೇರಿಸಿಕೊಳ್ಳಿ.

5: ಸಂಖ್ಯಾರೇಖೆ, 25 ನಿಮಿಷ ನಾನು. ಕೊನೆಯ 15 ನಿಮಿಷ ಇಬ್ಬರೂ ಪಾಠ ಮಾಡುವುದಿಲ್ಲ, ಬರೀ ನೋಡುತ್ತೇವೆ.

6: ಸಮಾನ ಭಿನ್ನರಾಶಿ. ಚಾಕ್ ನಿಮ್ಮದು, ಓಡಾಟ ನನ್ನದು.

7: ಅದೇ ವಿಷಯ, ತರಗತಿ ಎರಡು ಭಾಗ, 19 ಮತ್ತು 19. ಒಂದೇ ಪಾಠ, ಒಂದೇ ಹಾಳೆ. ನೀವು ಬೋರ್ಡಿಗೆ ಮುಖ, ನಾನು ಹಿಂದಿನ ಗೋಡೆಗೆ. ಮಕ್ಕಳು ಬೆನ್ನಿಗೆ ಬೆನ್ನು ಹಾಕಿ ಕೂರಲಿ. ಗಂಟಲು ತಗ್ಗಿಸಬೇಕು, ಇಲ್ಲದಿದ್ದರೆ ಇಬ್ಬರದೂ ಕೇಳುವುದಿಲ್ಲ. 38ರಲ್ಲಿ ಬಾಯಿ ಬಿಡದ ಮಗು 19ರಲ್ಲಿ ಬಿಟ್ಟೀತು ಅನ್ನುವುದಕ್ಕೇ ಈ ಏರ್ಪಾಡು.

8: ಛೇದ ಒಂದೇ ಇರುವ ಕೂಡುವಿಕೆ. ನೀವು ಕಲಿಸಿ, ನಾನು ಹಿಂದೆ ಕೂತು ನೋಡುತ್ತೇನೆ. 2/8 + 3/8 ಕೇಳಿದರೆ 5/16 ಬಂದೇ ಬರುತ್ತದೆ. ಬಂದಾಗ ಅಳಿಸಬೇಡಿ, ಪಟ್ಟಿ ಜೋಡಿಸಿ ತೋರಿಸಲು ಹೇಳಿ. ಎರಡು ತುಂಡಿಗೆ ಮೂರು ತುಂಡು ಸೇರಿದರೂ ತುಂಡಿನ ಅಳತೆ ಬದಲಾಗಲಿಲ್ಲವಲ್ಲ ಅಂತ ಅವರೇ ನೋಡಲಿ.

9: ಮೂರು ಗುಂಪು, 13, 13, 12. ಒಂದು ನಿಮ್ಮ ಹತ್ತಿರ, ಒಂದು ನನ್ನ ಹತ್ತಿರ, ಒಂದು ತಾನೇ ಆಟದ ಕಾರ್ಡು ಹಿಡಿದು. ಮೂರು ನಿಮಿಷ ಸೂಚನೆ, 11 ನಿಮಿಷದ ಮೂರು ಸುತ್ತು, ಮಧ್ಯೆ ಎರಡೆರಡು ನಿಮಿಷ ಜಾಗ ಬದಲು. ಲೆಕ್ಕ ಸರಿಯಾಗಿ 40. ಅಂದರೆ ಒಂದು ನಿಮಿಷವೂ ಉಳಿಯುವುದಿಲ್ಲ, ಗಡಿಯಾರ ನೀವೇ ಹಿಡಿಯಿರಿ, ನಾನು ಮಾತಿಗೆ ಬಿದ್ದರೆ ಮರೆಯುತ್ತೇನೆ.

10: 30 ನಿಮಿಷದ ಪರೀಕ್ಷೆ. ತಿದ್ದುವ ಮೊದಲು ಐದು ಉತ್ತರ ಪತ್ರಿಕೆಯ ಜೆರಾಕ್ಸ್ ಮಾಡಿ ಇಬ್ಬರೂ ಬೇರೆ ಬೇರೆ ತಿದ್ದಿ, ಅಂಕ ಹೋಲಿಸೋಣ. ಅರ್ಧ ಸರಿಯಾದ ಉತ್ತರಕ್ಕೆ ನಾನು ಕೈ ಬಿಚ್ಚಿ ಕೊಡುತ್ತೇನೆ, ನೀವು ಬಿಗಿ. ಅದು ಮೊದಲೇ ಇತ್ಯರ್ಥ ಆಗಲಿ.

ಮೂರನೇ ಪೀರಿಯಡ್, ನಿಮಿಷದ ಲೆಕ್ಕದಲ್ಲಿ

0–4: ನೀವು ಹಾಜರಿ. ಅಷ್ಟರಲ್ಲಿ ನಾನು ಬೋರ್ಡಿನಲ್ಲಿ ನಿನ್ನೆಯ ಎರಡು ಪ್ರಶ್ನೆ ಬರೆಯುತ್ತೇನೆ, ಮಕ್ಕಳು ಮಾಡುತ್ತಿರುತ್ತಾರೆ.

4–14: ಚಾಕ್ ನನ್ನದು. ಒಂದೇ ಉದ್ದದ ಎರಡು ಪಟ್ಟಿ. ಒಂದನ್ನು ನಾಲ್ಕು ಸಮಭಾಗ, ಇನ್ನೊಂದನ್ನು ಎಂಟು ಸಮಭಾಗ ಮಡಿಸುತ್ತಾರೆ. ಮಡಿಸುವ ಮೊದಲೇ ಪ್ರಶ್ನೆ: "1/4 ದೊಡ್ಡದಾ, 1/8 ದೊಡ್ಡದಾ? ಯಾಕೆ?" ನೀವು ಸಾಲುಗಳ ಮಧ್ಯೆ ಓಡಾಡಿ ಮಕ್ಕಳು ಕೊಡುವ ಕಾರಣಗಳನ್ನು ಅವರದೇ ಮಾತಿನಲ್ಲಿ ಬರೆದುಕೊಳ್ಳಿ. ತಿದ್ದಬೇಡಿ, ತಲೆಯಾಡಿಸಲೂ ಬೇಡಿ. ಮುಖ ನೋಡಿಯೇ ಉತ್ತರ ಬದಲಿಸುವ ಮಕ್ಕಳು ನಮ್ಮವು.

14–16: ಚಾಕ್ ಕೈ ಬದಲು.

16–30: ನೀವು ಬರೆದುಕೊಂಡ ಕಾರಣಗಳಲ್ಲಿ ಎರಡನ್ನು, ಒಂದು ಸರಿ ಒಂದು ತಪ್ಪು, ಹೆಸರಿಲ್ಲದೆ ಬೋರ್ಡಿಗೆ ಹಾಕಿ. "ಎಂಟು ನಾಲ್ಕಕ್ಕಿಂತ ದೊಡ್ಡದು, ಅದಕ್ಕೇ 1/8 ದೊಡ್ಡದು" ಅನ್ನುವುದು ಒಬ್ಬರಾದರೂ ಹೇಳುತ್ತಾರೆ, ಅದನ್ನೇ ಆರಿಸಿ. ಪಟ್ಟಿ ಕೈಯಲ್ಲಿಟ್ಟುಕೊಂಡು ಮಕ್ಕಳೇ ಜೋಡಿಯಲ್ಲಿ ವಾದ ಮಾಡಲಿ. ನಾನು ಬಲಗಡೆ ಸಾಲುಗಳಲ್ಲಿ ಪಟ್ಟಿ ಸರಿಯಾಗಿ ಮಡಿಸದವರ ಜೊತೆ ಇರುತ್ತೇನೆ. ಮಡಿಕೆ ಸಮ ಇಲ್ಲದಿದ್ದರೆ ಇಡೀ ವಾದವೇ ಬಿದ್ದುಹೋಗುತ್ತದೆ.

30–31: ಚಾಕ್ ಮತ್ತೆ ನನಗೆ.

31–38: ಚೀಟಿ. 1/3, 1/6, 1/2 ಇವನ್ನು ಚಿಕ್ಕದರಿಂದ ದೊಡ್ಡದಕ್ಕೆ ಬರೆಯಬೇಕು. ಚೀಟಿ ಕೊಟ್ಟವರು ಪಟ್ಟಿಗಳನ್ನು ಡಬ್ಬಿಗೆ ಹಾಕಿ ಕೂರುತ್ತಾರೆ.

ಬಿಡುವಿನಲ್ಲಿ ಚೀಟಿಗಳನ್ನು ಮೂರು ಗುಡ್ಡೆ ಮಾಡೋಣ. 1/6, 1/3, 1/2 ಬರೆದವರು ಒಂದು ಕಡೆ. ಪೂರ್ತಿ ಉಲ್ಟಾ, ಅಂದರೆ 1/2, 1/3, 1/6 ಬರೆದವರು ಇನ್ನೊಂದು ಕಡೆ. ಇವರು ಛೇದವನ್ನು ಮಾತ್ರ ನೋಡುತ್ತಿದ್ದಾರೆ, ನಾಳೆ ಕಿಟಕಿ ಪಕ್ಕಕ್ಕೆ ಬರಬೇಕಾದವರು ಇವರೇ. ಉಳಿದದ್ದು ಮೂರನೇ ಗುಡ್ಡೆ. ನಿಂತಲ್ಲೇ ಐದು ನಿಮಿಷದ ಕೆಲಸ, ಅಂಕ ಹಾಕುವುದು ಬೇಡ.

ಕೈ ಬದಲಿಸುವಾಗ

ಚಾಕ್ ಕೊಡುವವರು ಮಕ್ಕಳ ಎದುರಿಗೇ ಮೂರು ಮಾತು ಹೇಳಬೇಕು: ಏನಾಯಿತು, ಎಲ್ಲಿ ಒಪ್ಪಿಗೆ ಆಗಿಲ್ಲ, ಮುಂದೇನು. ಮೂರನೇ ಪೀರಿಯಡ್‌ನಲ್ಲಿ ನಾನು ಹೀಗೆ ಹೇಳುತ್ತೇನೆ: "ಎಲ್ಲರೂ ಎರಡು ಪಟ್ಟಿ ಮಡಿಸಿದ್ದಾರೆ. ಯಾವುದು ದೊಡ್ಡದು ಅನ್ನುವುದರಲ್ಲಿ ಇನ್ನೂ ಎರಡು ಪಕ್ಷ ಇದೆ. ಈಗ ಸರ್ ಎರಡೂ ಪಕ್ಷದ ಮಾತು ಬೋರ್ಡಿಗೆ ಹಾಕುತ್ತಾರೆ." ಇದು ನಿಮಗೂ ಮಾಹಿತಿ, ಮಕ್ಕಳಿಗೂ ಇನ್ನೊಮ್ಮೆ ಕೇಳಿದಂತೆ. "ಈಗ ಸರ್ ಪಾಠ ಮಾಡ್ತಾರೆ" ಅಂತಷ್ಟೇ ಹೇಳಿ ಬಿಟ್ಟರೆ ಮಕ್ಕಳು ಹಿಂದಿನದು ಮುಗಿಯಿತು ಅಂತ ಪುಸ್ತಕ ಮುಚ್ಚುತ್ತಾರೆ.

ಒಬ್ಬರು ಬೋರ್ಡಿನಲ್ಲಿ ತಪ್ಪು ಬರೆದರೆ? ನಾನೇ ಒಮ್ಮೆ 3/6 = 1/3 ಅಂತ ಬರೆದು ಮುಂದೆ ಹೋಗಿದ್ದೆ. ಅಂಥ ಹೊತ್ತಿನಲ್ಲಿ ಕೈ ಎತ್ತಿ "ಮೇಡಂ, ನನಗೊಂದು ಡೌಟು, ಅದನ್ನ ಪಟ್ಟಿಯಲ್ಲಿ ತೋರಿಸ್ತೀರಾ?" ಅಂತ ಕೇಳಿ. ನಾನು ನೋಡಿ "ಅಯ್ಯೋ, ತಪ್ಪು ನನ್ನದೇ" ಅನ್ನುತ್ತೇನೆ. ಟೀಚರೂ ತಪ್ಪು ಮಾಡಿ ತಿದ್ದಿಕೊಳ್ಳುತ್ತಾರೆ ಅಂತ ಮಕ್ಕಳು ನೋಡಿದರೆ ನಷ್ಟವೇನಿಲ್ಲ. ಬೋಧನೆಯ ರೀತಿ ಇಷ್ಟವಾಗದಿದ್ದರೆ ಮಾತ್ರ ಅಲ್ಲಿ ಬೇಡ, ಸ್ಟಾಫ್ ರೂಮಿನಲ್ಲಿ ಹೇಳಿ.

ದಿನದ ಕೊನೆಗೆ ನೀಲಿ ನೋಟ್‌ಬುಕ್ಕಿನಲ್ಲಿ ನಾಲ್ಕು ಸಾಲು, ಕೊನೆಗೆ ಚಾಕ್ ಹಿಡಿದವರು ಬರೆಯಬೇಕು. ಎಲ್ಲಿ ನಿಂತೆವು, ಯಾರು ಗೈರು, ಯಾರ ಜೊತೆ ನಾಳೆ ಕೂರಬೇಕು, ಯಾವ ಸಾಮಾನು ಬೇಕು. ನಮ್ಮಲ್ಲೊಬ್ಬರು ರಜೆ ಹಾಕಿದರೆ ಇನ್ನೊಬ್ಬರು ಆ ನಾಲ್ಕು ಸಾಲು ನೋಡಿ ನಡೆಸುವಂತಿರಬೇಕು. ಒಬ್ಬರೇ ಇದ್ದ ದಿನ 7 ಮತ್ತು 9ನೇ ಪಾಠ ಮಾಡುವ ಹಾಗಿಲ್ಲ, ಅಭ್ಯಾಸದ ಹಾಳೆ ಕೊಟ್ಟು ಮರುದಿನಕ್ಕೆ ಇಡೋಣ.

ನೋಡುವ ಕೆಲಸ

ಎರಡನೇ ದಿನ ನೀವು ನನ್ನನ್ನು, ಎಂಟನೇ ದಿನ ನಾನು ನಿಮ್ಮನ್ನು. ಇಬ್ಬರಿಗೂ ಒಂದೇ ಹಾಳೆ. ಅದರಲ್ಲಿ "ಚೆನ್ನಾಗಿತ್ತು", "ಗಮನ ಕಡಿಮೆ" ಅಂತ ಬರೆಯುವ ಜಾಗವೇ ಇಟ್ಟಿಲ್ಲ. ಕಂಡದ್ದು, ಕೇಳಿದ್ದು ಮಾತ್ರ. ಜೊತೆಗೆ ಒಂದು ಲೆಕ್ಕ: ಪ್ರಶ್ನೆ ಕೇಳಿದ ಮೇಲೆ ನಾವು ಎಷ್ಟು ಸೆಕೆಂಡು ಕಾಯುತ್ತೇವೆ? ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ತರಗತಿಗಳಲ್ಲಿ ಅಳೆದಾಗ ಶಿಕ್ಷಕರು ಸಾಮಾನ್ಯವಾಗಿ ಒಂದು ಸೆಕೆಂಡು ಅಷ್ಟೇ ಕಾಯುತ್ತಿದ್ದರು. ಮೂರು ಸೆಕೆಂಡು ಕಾದಾಗ ಮಕ್ಕಳ ಉತ್ತರ ಉದ್ದವಾಯಿತು. ನನ್ನದು ಒಂದಕ್ಕಿಂತಲೂ ಕಡಿಮೆ ಇರಬಹುದು ಅಂತ ನನಗೇ ಗುಮಾನಿ. ಹತ್ತು ಪ್ರಶ್ನೆಗೆ ಮನಸ್ಸಿನಲ್ಲೇ ಎಣಿಸಿ ಬರೆಯಿರಿ.

ಐದನೇ ದಿನದ್ದು ಇಬ್ಬರೂ ಸೇರಿ ನೋಡುವುದು. ಮಕ್ಕಳು ಜೋಡಿಯಲ್ಲಿ ಸಂಖ್ಯಾರೇಖೆಯ ಮೇಲೆ ಭಿನ್ನರಾಶಿ ಕಾರ್ಡುಗಳನ್ನು ಇಡುತ್ತಾರೆ. ನಾವು ಇಬ್ಬರೂ ಅದೇ ಐದು ಮಕ್ಕಳನ್ನು ನೋಡೋಣ, ಕ್ರಮಸಂಖ್ಯೆ 4, 11, 19, 27, 33. ನೀವು ಕಿಟಕಿ ಕಡೆಯಿಂದ, ನಾನು ಬಾಗಿಲ ಕಡೆಯಿಂದ. ಹದಿನೈದು ನಿಮಿಷ ಯಾರಿಗೂ ಏನೂ ಹೇಳಿಕೊಡುವುದಿಲ್ಲ. ಕಷ್ಟ, ಗೊತ್ತು. ಕೈ ತಾನಾಗೇ ಮುಂದೆ ಹೋಗುತ್ತದೆ.

ಒಂದೇ ಮಗುವನ್ನು ಇಬ್ಬರು ಯಾಕೆ ನೋಡಬೇಕು ಅಂದರೆ, ಕಳೆದ ಸಲ 27ರ ಬಗ್ಗೆ ನನ್ನ ಹಾಳೆಯಲ್ಲಿ "ಸುಮ್ಮನೆ ಕೂತಿದ್ದ" ಅಂತಿತ್ತು. ನಿಮ್ಮ ಹಾಳೆಯಲ್ಲಿ "ಡೆಸ್ಕಿನ ಕೆಳಗೆ ಬೆರಳು ಮಡಿಸಿ ಎಣಿಸುತ್ತಿದ್ದ, ಉತ್ತರ ಬಂದಾಗ ಪಕ್ಕದವನು ಆಗಲೇ ಹೇಳಿಬಿಟ್ಟಿದ್ದ" ಅಂತಿತ್ತು. ನಾನು ನಿಂತ ಕಡೆಯಿಂದ ಅವನ ಕೈ ಕಾಣುತ್ತಲೇ ಇರಲಿಲ್ಲ.

ಅದೇ ದಿನ ಶಾಲೆ ಬಿಟ್ಟ ಮೇಲೆ 20 ನಿಮಿಷ ಕೂರೋಣ. ಮೊದಲು ಇಬ್ಬರೂ ಹಾಳೆ ಓದುವುದು, ಆಮೇಲೆ ಮಾತು. ಪಾಠ ಮಾಡಿದವರು ಮೊದಲು ಮಾತಾಡಲಿ. ಕೊನೆಗೆ ಸೋಮವಾರದ ಪಾಠದಲ್ಲಿ ಒಂದೇ ಒಂದು ಬದಲಾವಣೆ ಬರೆದು ಏಳೋಣ. ಐದಾರು ಬರೆದರೆ ಒಂದೂ ಆಗುವುದಿಲ್ಲ. ಮುಖ್ಯ ಶಿಕ್ಷಕರು ಈ ಹಾಳೆ ಕೇಳಿದರೆ ಕೊಡುವ ಮೊದಲು ಇಬ್ಬರೂ ಒಪ್ಪಬೇಕು. ಇದು ನಮ್ಮ ಮೇಲಿನ ವರದಿ ಅಲ್ಲ.

ಸೋಮವಾರಕ್ಕೆ ಮೊದಲು

ಮಗುವಿಗೆ ನಾಲ್ಕರಂತೆ 152 ಪಟ್ಟಿ, ಹರಿದುಹೋಗುವುದಕ್ಕೆ ಎಂಟು ಜಾಸ್ತಿ, ಒಟ್ಟು 160. ಅರ್ಧ ಕತ್ತರಿಸಿ ಬೀರುವಿನ ಕೆಳಗಿನ ಖಾನೆಯಲ್ಲಿ ಇಟ್ಟಿದ್ದೇನೆ. ಉಳಿದ 80 ನಿಮ್ಮ ಪಾಲು, ಅದೇ 24 ಸೆಂಟಿಮೀಟರ್ ಉದ್ದ. ಉದ್ದ ಹೆಚ್ಚುಕಡಿಮೆ ಆದರೆ ಮೂರನೇ ಪಾಠದಲ್ಲಿ ಹೋಲಿಕೆಯೇ ಕೆಟ್ಟುಹೋಗುತ್ತದೆ, ನೋಡಿಕೊಳ್ಳಿ.