51 ಜಿಬಿ

ವರನಿಗೆ ಕಾಶಿಯಾತ್ರೆಯ ಕೊಡೆ ಹಿಡಿಸುತ್ತಿದ್ದಾಗ ಲೋಕೇಶನ ಎ-ಕ್ಯಾಮೆರಾದ ಪರದೆಯಲ್ಲಿ ಇನ್ನು 31 ನಿಮಿಷದ ಜಾಗ ಅಂತ ಬಂತು. ಗಂಟೆ 10.05. ಧಾರೆ ಮುಹೂರ್ತ 10.45ಕ್ಕೆ. ಅದರಲ್ಲಿ ಗಾಬರಿಯಾಗುವಂಥದ್ದೇನೂ ಇರಲಿಲ್ಲ. ಒಂದನೇ ನಂಬರಿನ ಕಾರ್ಡು ಈಗ ಖಾಲಿಯಾಗಿ ಜೇಬಿನಲ್ಲಿರಬೇಕಿತ್ತು.

"ಮಂಜ, ಒಂದನೇ ಕಾರ್ಡು ಕೊಡು."

ಮಂಜ ಕೊಡಲಿಲ್ಲ. ಸ್ಟೋರ್ ರೂಮಿನ ಕಡೆ ಕೈ ತೋರಿಸಿದ. ಅಲ್ಲಿ ಅಕ್ಕಿ ಮೂಟೆಗಳ ಮೇಲೆ ಲ್ಯಾಪ್‌ಟಾಪ್ ತೆರೆದಿತ್ತು. ಡ್ರೈವ್‌ನಲ್ಲಿ ಸಾಕಷ್ಟು ಜಾಗವಿಲ್ಲ, ಕಾಪಿ ಆಗುವುದಿಲ್ಲ ಅನ್ನುವ ಪುಟ್ಟ ಚೌಕ. ರಾತ್ರಿ ಹನ್ನೊಂದಕ್ಕೆ ಬಂದ ಚೌಕ ಅದು. ರಿಸೆಪ್ಷನ್ನಿನ ಎರಡನೇ ಕಂತಿನ ಕ್ಲಿಪ್ಪುಗಳನ್ನು ಡ್ರೈವ್ ಮೇಲೆ ಎಳೆದುಬಿಟ್ಟು ಮಂಜ ಪರದೆ ನೋಡದೆ ಊಟಕ್ಕೆ ಹೋಗಿದ್ದ; ಬಂದವನು ಮುಚ್ಚಳ ಮುಚ್ಚಿ ಮಲಗಿದ್ದ.

ಲೋಕೇಶ ಕೂತು ಲೆಕ್ಕ ಹಾಕಿದ. ಎ-ಕ್ಯಾಮೆರಾದ್ದು 4ಕೆ, 25 ಫ್ರೇಮು, ಸೆಕೆಂಡಿಗೆ 100 ಮೆಗಾಬಿಟ್. ಅಂದರೆ ಗಂಟೆಗೆ 45 ಜಿಬಿ. ರಿಸೆಪ್ಷನ್ ಎರಡೂವರೆ ಗಂಟೆ, 112 ಜಿಬಿ. ಡ್ರೈವಿಗೆ ಹೋಗಿದ್ದು 61. ಉಳಿದ 51 ಹೋಗಿಲ್ಲ. ಬಿ-ಕ್ಯಾಮೆರಾದ ಫೋಲ್ಡರ್ ನೋಡಿದ: 150 ಜಿಬಿ. ಎಂಬತ್ತು ನಿಮಿಷದ ಕ್ಯಾಂಡಿಡ್ಡಿಗೆ 60 ಆಗಬೇಕಿತ್ತು.

"ಸಾಗರ, ಎಷ್ಟರಲ್ಲಿ ತೆಗೀತಿದ್ದೀಯ?"

"ಆಲ್-ಇಂಟ್ರಾ ಅಣ್ಣ. 250. ಕಲರ್ ಗ್ರೇಡಿಂಗಿಗೆ ಚೆನ್ನಾಗಿರ್ತದೆ ಅಂತ..."

ಪ್ರತಿ ಫ್ರೇಮನ್ನೂ ಪೂರ್ತಿಯಾಗಿ ಬರೆಯುವ ಮೋಡು ಅದು. ಗಂಟೆಗೆ 112 ಜಿಬಿ ನುಂಗುತ್ತದೆ. ಜಾಹೀರಾತಿಗೆ ಸರಿ, ಅರಸೀಕೆರೆಯ ಛತ್ರದಲ್ಲಿ ಅತ್ತೆಯಂದಿರು ಸೀರೆ ಸೆರಗು ಸರಿಮಾಡಿಕೊಳ್ಳುವುದಕ್ಕೆ ಯಾಕೆ? "100ಕ್ಕೆ ಇಳಿಸು. ಈಗಲೇ. ಎ-ಕ್ಯಾಮೆರಾ ರೆಕಾರ್ಡಿಂಗ್ ನಿಲ್ಲಿಸಿದೀನಿ, ಕಾಶಿಯಾತ್ರೆ ಪೂರ್ತಿ ನಿಂದೇ."

ಆದರೂ ಲೆಕ್ಕ ಕೂಡಲಿಲ್ಲ. ಕಡೂರಿನ ಮದುವೆಯನ್ನು ಅಳಿಸಿದ ಮೇಲೆ 1 ಟಿಬಿ ಡ್ರೈವಿನಲ್ಲಿ ಐನೂರಕ್ಕೂ ಮೀರಿ ಜಾಗ ಇರಬೇಕು. ಫೋಲ್ಡರುಗಳನ್ನೆಲ್ಲ ಕೂಡಿದರೆ 655. ಉಳಿದಿರುವುದು 7. ನಡುವಿನ 338 ಎಲ್ಲಿ?

"ಡಿಲೀಟ್ ಮಾಡಿದ್ದೆ ಅಣ್ಣ, ನನ್ನ ಕೈಯಾರೆ."

ಟ್ರ್ಯಾಶ್ ತೆರೆದರೆ ಕಡೂರು ಅಲ್ಲೇ ತಣ್ಣಗೆ ಕೂತಿತ್ತು. ಹೊರಗಿನ ಡ್ರೈವಿನಿಂದ ಅಳಿಸಿದ್ದನ್ನು ಮ್ಯಾಕ್ ಅದೇ ಡ್ರೈವಿನಲ್ಲೇ ಕಣ್ಣಿಗೆ ಕಾಣದ ಫೋಲ್ಡರಿನಲ್ಲಿ ಇಟ್ಟುಕೊಂಡಿರುತ್ತದೆ. ಟ್ರ್ಯಾಶ್ ಖಾಲಿ ಮಾಡುವ ತನಕ ಒಂದು ಕೆಬಿಯೂ ಬಿಡುಗಡೆಯಾಗುವುದಿಲ್ಲ.

ಮಂಜನ ಮುಖ ಅರಳಿತು. "ಹಂಗಾದ್ರೆ ಎಂಪ್ಟಿ ಹೊಡೀರಿ!" ಬೆರಳು ಆಗಲೇ ಟ್ರ್ಯಾಕ್‌ಪ್ಯಾಡಿನ ಮೇಲಿತ್ತು.

"ಕೈ ತೆಗಿ. ಕಡೂರಿಂದು ಸ್ಟುಡಿಯೋ ಸಿಸ್ಟಮ್ಮಿಗೆ ಪೂರ್ತಿ ಹೋಗಿದ್ಯಾ?"

"ಹೋಗಿರ್ತದೆ ಅಣ್ಣ."

"ಹೋಗಿರ್ತದೋ, ಹೋಗಿದೆಯೋ?"

ಮಂಜ ಸುಮ್ಮನಾದ. ಸ್ಟುಡಿಯೋದ ಎಡಿಟರಿಗೆ ಫೋನು ಮಾಡಿದರೆ ಅವನಿನ್ನೂ ಗಾಡಿಯಲ್ಲಿದ್ದ. ಹನ್ನೊಂದರೊಳಗೆ ಸಿಸ್ಟಮ್ ಆನ್ ಆಗುವ ಮಾತಿಲ್ಲ.

ರಾತ್ರಿ ಎ-ಕ್ಯಾಮೆರಾ ಎರಡು ಸ್ಲಾಟಿಗೂ ಒಟ್ಟಿಗೇ ಬರೆದಿತ್ತು. ಒಂದನೇ ಕಾರ್ಡು, ಎರಡನೇ ಕಾರ್ಡು ಅವಳಿ ಮಕ್ಕಳು. ಡ್ರೈವಿಗೆ ಪೂರ್ತಿ ಹೋಗಿದ್ದರೆ ಒಂದನೆಯದನ್ನು ಫಾರ್ಮ್ಯಾಟ್ ಮಾಡಿದರೂ ಎರಡು ಪ್ರತಿ ಉಳಿಯುತ್ತಿತ್ತು. ಈಗ ಮಾಡಿದರೆ 51 ಜಿಬಿಗೆ ಎರಡನೇ ಕಾರ್ಡೊಂದೇ ಗತಿ. ಮೂರನೇ, ನಾಲ್ಕನೇ ಕಾರ್ಡುಗಳು ಬೆಳಗಿನ ಅರಿಶಿನ ಶಾಸ್ತ್ರವನ್ನು ಹೊತ್ತು ಕ್ಯಾಮೆರಾದಲ್ಲೇ ಇದ್ದವು. ಅಂದರೆ ಬೇಕಾಗಿದ್ದು ಬರೀ 51 ಜಿಬಿಯ ಒಂದು ಮೂಲೆ.

ಕಿಟಕಿಯಾಚೆ ಎಲ್‌ಇಡಿ ವಾಲ್‌ನವನು ತನ್ನ ಲ್ಯಾಪ್‌ಟಾಪ್ ಮುಂದೆ ಪುಳಿಯೋಗರೆ ತಿನ್ನುತ್ತಿದ್ದ.

"ಸಾರ್, ನಿಮ್ಮ ಡಿ ಡ್ರೈವಲ್ಲಿ ಎಷ್ಟಿದೆ?"

"ಎಪ್ಪತ್ತು ಚಿಲ್ರೆ. ಯಾಕ್ ಸಾರ್? ಆದ್ರೆ ಲೈವ್ ಹ್ಯಾಂಗ್ ಆಗ್ಬಾರ್ದು ಮತ್ತೆ."

ರೀಡರಿಗೆ ಕಾರ್ಡು ಹಾಕುವ ಮೊದಲು ಲೋಕೇಶ ಕಾರ್ಡಿನ ಪಕ್ಕದ ಸಣ್ಣ ಗುಂಡಿಯನ್ನು ಉಗುರಿನಿಂದ ಕೆಳಗೆಳೆದು ಲಾಕ್ ಮಾಡಿದ. ಬೇರೆಯವರ ಯಂತ್ರ, ಏನು ಬರೆಯುತ್ತದೋ ಯಾರಿಗೆ ಗೊತ್ತು. ಡ್ರೈವಿಗೆ ಹೋಗದೆ ಉಳಿದ 14 ಕ್ಲಿಪ್ಪುಗಳನ್ನಷ್ಟೇ ಆರಿಸಿ ಎಳೆದ. ಸೆಕೆಂಡಿಗೆ 35 ಎಂಬಿ. ಇಪ್ಪತ್ತನಾಲ್ಕು ನಿಮಿಷ ಅಂತ ತೋರಿಸಿತು.

ರೀಡರು ಹೊಸದು, ಕಾರ್ಡು ವೇಗದ್ದೇ. ಬಗ್ಗಿ ನೋಡಿದ. ಮಂಜ ಕಪ್ಪು ಪೋರ್ಟಿಗೆ ಚುಚ್ಚಿದ್ದ, ಯುಎಸ್‌ಬಿ 2. ಕಾಪಿ ರದ್ದು ಮಾಡಿ, ಅರ್ಧಂಬರ್ಧ ಬಂದಿದ್ದನ್ನು ಅಳಿಸಿ, ಇನ್ನೊಂದು ಬದಿಯ ನೀಲಿ ಪೋರ್ಟಿಗೆ ಹಾಕಿದ. 85 ಎಂಬಿ. ಹತ್ತು ನಿಮಿಷ. ಗಂಟೆ 10.15.

"ವಿಡಿಯೋದವ್ರೇ, ಎಲ್ಲೋದ್ರಿ? ಹುಡುಗ ವಾಪಸ್ ಬಂದ್ಬಿಟ್ಟ!" ಹುಡುಗಿಯ ಸೋದರಮಾವ ಬಾಗಿಲಲ್ಲಿ ನಿಂತಿದ್ದರು.

"ಬ್ಯಾಟರಿ ಬದಲಾಯಿಸ್ತಿದೀವಿ ಸಾರ್, ಎರಡೇ ನಿಮಿಷ." ಬ್ಯಾಟರಿ ಅಂದರೆ ಎಲ್ಲರಿಗೂ ಅರ್ಥವಾಗುತ್ತದೆ, ಯಾರೂ ಹೆದರುವುದಿಲ್ಲ.

10.26ಕ್ಕೆ ಕಾಪಿ ಮುಗಿಯಿತು. ಮಂಜ ಬಾಯಿ ಬಿಟ್ಟ. "ಅಣ್ಣ, 51 ಇಲ್ಲ. 47.5 ತೋರಿಸ್ತಿದೆ. ಮೂರೂವರೆ ಜಿಬಿ ಹೋಯ್ತು!"

"ಎಲ್ಲೂ ಹೋಗಿಲ್ಲ. ಮ್ಯಾಕು ಸಾವಿರದಲ್ಲಿ ಎಣಿಸ್ತದೆ, ವಿಂಡೋಸು 1024ರಲ್ಲಿ. ಜಿಬಿ ನೋಡ್ಬೇಡ, ಬೈಟ್ಸ್ ಓದು."

ಇಬ್ಬರೂ ಹನ್ನೊಂದು ಅಂಕಿಗಳನ್ನು ಜೋರಾಗಿ ಓದಿದರು, ಕಾರ್ಡಿನದೊಂದು ಸಲ, ಫೋಲ್ಡರಿನದೊಂದು ಸಲ. ಕೊನೆಯ ಅಂಕಿಯವರೆಗೂ ಒಂದೇ. ಲೋಕೇಶ ಮೊದಲ ಕ್ಲಿಪ್ಪು, ಕೊನೆಯ ಕ್ಲಿಪ್ಪು ತೆರೆದು ನಡುವಿಗೆ ಎಳೆದು ನೋಡಿದ. ಐಸ್‌ಕ್ರೀಮ್ ಕೌಂಟರಿನ ಗದ್ದಲದ ಸದ್ದೂ ಬಂತು.

ಕಾರ್ಡಿನ ಮೇಲಿನ ಬಿಳಿ ಟೇಪಿನ '1' ಅನ್ನು ಎರಡು ಸಲ ಓದಿ, ಲಾಕ್ ತೆಗೆದು, ಕ್ಯಾಮೆರಾಕ್ಕೆ ಹಾಕಿದ. ಫಾರ್ಮ್ಯಾಟನ್ನು ಕ್ಯಾಮೆರಾದಲ್ಲೇ ಮಾಡಬೇಕು, ಲ್ಯಾಪ್‌ಟಾಪಿನಲ್ಲಲ್ಲ. ಯಾವ ಸ್ಲಾಟು ಅಂತ ಕೇಳಿದಾಗ ಬೆರಳು ಒಂದು ಕ್ಷಣ ನಿಂತಿತು. ಎರಡನೇ ಸ್ಲಾಟು ಖಾಲಿ ಮಾಡಿದ್ದೇನೆ ಅಂತ ಬಾಗಿಲು ತೆಗೆದು ನೋಡಿಯೇ ಒತ್ತಿದ.

ಒಂದೇ ಕಾರ್ಡಿನಲ್ಲಿ ಧಾರೆ ಹಿಡಿಯುವುದು ಮನಸ್ಸಿಗೆ ಬರಲಿಲ್ಲ. ಫೋಟೋಗ್ರಾಫರ್ ಹತ್ತಿರ 64ರ ಕಾರ್ಡಿತ್ತು, ವಿ30, ಸಾಕು. ಸೆಕೆಂಡಿಗೆ ಹನ್ನೆರಡೂವರೆ ಎಂಬಿ ಬರೆಯಲು ಅದಕ್ಕಿಂತ ಬೇಕಿಲ್ಲ. ಒಂದೂ ಕಾಲು ಗಂಟೆ ಧಾರಾಳ.

"ಖಾಲಿ ಇದೆ ತಾನೇ?"

"ಖಾಲಿ. ಸಂಜೆಗೆ ವಾಪಸ್ ಬೇಕು ಲೋಕಣ್ಣ."

10.41ಕ್ಕೆ ಎರಡೂ ಸ್ಲಾಟಿನ ಕೆಂಪು ಗುರುತು ಹತ್ತಿತು. ಅಂತರ್ಪಟ ಹಿಡಿದಿದ್ದರು. ಪುರೋಹಿತರ ಮಂತ್ರ, ಅಂತರ್ಪಟದಾಚೆ ಹುಡುಗಿಯ ಮುಷ್ಟಿಯಲ್ಲಿ ಜೀರಿಗೆ ಬೆಲ್ಲ. "ಗಟ್ಟಿಮೇಳ, ಗಟ್ಟಿಮೇಳ!" ಅಂತ ಯಾರೋ ಕೂಗಿದ್ದೇ ವಾಲಗ ಭೋರ್ಗರೆಯಿತು, ಅಕ್ಷತೆ ಲೆನ್ಸಿನ ಮೇಲೂ ಬಿತ್ತು. ಸೋದರಮಾವ ಸರಿಯಾಗಿ ಫ್ರೇಮಿನ ನಡುವೆ ನಿಂತರು. ಅದು ಎಲ್ಲ ಮದುವೆಯಲ್ಲೂ ಆಗುವುದೇ, ಸಾಗರ ಎಡದಿಂದ ಹಿಡಿದ.

ಹೆಣ್ಣೊಪ್ಪಿಸುವ ಮೊದಲು, ಎರಡನೇ ಪಂಕ್ತಿಯಲ್ಲಿ ಪಾಯಸ ಬಡಿಸುವ ಹೊತ್ತಿಗೆ, ಎಡಿಟರಿನ ಫೋನು ಬಂತು.

"ಕಡೂರು ಬಿ-ಕ್ಯಾಮೆರಾ ಎಣಿಸ್ದೆ. 88 ಕ್ಲಿಪ್ಪು."

ಲೋಕೇಶ ಎಡಗೈಯಲ್ಲಿ ಲ್ಯಾಪ್‌ಟಾಪ್ ತೆರೆದು ಟ್ರ್ಯಾಶಿನೊಳಗಿನ ಬಿ-ಕ್ಯಾಮೆರಾ ಫೋಲ್ಡರ್ ನೋಡಿದ. 104. ಕೊನೆಯ ಹದಿನಾರನ್ನು ಒಂದೊಂದೇ ನೋಡುತ್ತ ಬಂದ. ಹುಡುಗಿ ಕಾರು ಹತ್ತುವುದು, ಅವಳಪ್ಪ ಗೇಟಿನ ಕಂಬ ಹಿಡಿದು ನಿಂತಿದ್ದು.

ಪಕ್ಕದ ಎಲೆಯಲ್ಲಿ ಮಂಜ ಪಾಯಸ ಕಲಸುತ್ತಲೇ ಇದ್ದ, ತಿನ್ನಲಿಲ್ಲ.

ಲೋಕೇಶ ಕಡೂರಿನ ಇಡೀ ಫೋಲ್ಡರಿನ ಮೇಲೆ ಎರಡು ಬೆರಳು ಒತ್ತಿ Put Back ಆರಿಸಿದ. "ಊಟ ಮಾಡು. ಆಮೇಲೆ ಪೇಟೆಗೆ ಹೋಗಿ ಇನ್ನೊಂದು ಡ್ರೈವ್ ತಗೊಂಡ್ಬಾ. ಎಲ್‌ಇಡಿಯವ್ರು ನಾಲ್ಕಕ್ಕೆ ಗಂಟುಮೂಟೆ ಕಟ್ತಾರೆ, ಅಷ್ಟರೊಳಗೆ."