ಪಕ್ಕದ ಮನೆಯ ಅನಧಿಕೃತ ಎರಡನೇ ಮಹಡಿ: ಸ್ಥಳ ತನಿಖೆ ಮತ್ತು ಕ್ರಮಕ್ಕೆ ಮನವಿ

ಗೆ,
ಆಯುಕ್ತರು, ನಗರಾಭಿವೃದ್ಧಿ ಪ್ರಾಧಿಕಾರ, ಕಲಬುರಗಿ

ಮಾನ್ಯರೇ,

ನಮ್ಮ ಮನೆಯ ಪೂರ್ವಕ್ಕಿರುವ ಮನೆಯವರು ದೀಪಾವಳಿ ಆದಮೇಲೆ ಎರಡನೇ ಮಹಡಿ ಎಬ್ಬಿಸಿದ್ದಾರೆ. ಸ್ಲ್ಯಾಬ್ ಹಾಕಿಯಾಗಿದೆ, ಈಗ ಗಿಲಾವು ನಡೆದಿದೆ. ಮಂಜೂರಾದ ನಕ್ಷೆ ತೋರಿಸಿ ಅಂದರೆ "ಪರ್ಮಿಷನ್ ಅದ, ನಿಮಗ್ಯಾಕ್ರಿ" ಅಂತಾರೆ, ಆದರೆ ಮೂರು ಸಲ ಕೇಳಿದರೂ ಒಂದು ಕಾಗದ ಹೊರಗೆ ಬಂದಿಲ್ಲ. ನೆಲಮಹಡಿ, ಮೊದಲ ಮಹಡಿಗಷ್ಟೇ ಪರವಾನಗಿ ಇದೆ ಅಂತ ಅವರ ಮೇಸ್ತ್ರಿಯೇ ಬಾಯಿಬಿಟ್ಟಿದ್ದಾನೆ.

ಎರಡು ಗೋಡೆ ನಡುವೆ ಇರೋದು ಎರಡೂವರೆ ಅಡಿ ಮಾತ್ರ. ಮುಂಚೆ ಬೆಳಿಗ್ಗೆ ಎಂಟಕ್ಕೆ ಬಿಸಿಲು ಅಡುಗೆಮನೆಯ ಪರಸಿ ಕಲ್ಲಿನ ಮೇಲೆ ಬೀಳುತ್ತಿತ್ತು. ಈಗ ಹನ್ನೊಂದಕ್ಕೂ ಬಲ್ಬ್ ಹಾಕಿಯೇ ರೊಟ್ಟಿ ಬಡಿಯಬೇಕು. ಕಲಬುರಗಿಯಲ್ಲಿ ಬಿಸಿಲಿಗೆ ಬರ ಅಂದರೆ ನಗ್ತೀರೇನೋ, ನಮ್ಮ ಮನೆಗೆ ಬಂದು ನೋಡಿ.

ದಯವಿಟ್ಟು ಎಂಜಿನಿಯರ್ ಕಳಿಸಿ, ನಕ್ಷೆ ಹಿಡಿದು ಎತ್ತರ, ಸೆಟ್‌ಬ್ಯಾಕ್ ಅಳೆಸಿ. ಅನುಮತಿ ಇಲ್ಲದಿದ್ದರೆ 1961ರ ನಗರ ಯೋಜನಾ ಕಾಯ್ದೆಯ ಪ್ರಕಾರ ನೋಟಿಸ್ ಕೊಟ್ಟು, ಮೊದಲು ಕೆಲಸ ನಿಲ್ಲಿಸಿ, ಆಮೇಲೆ ಹೆಚ್ಚುವರಿ ಭಾಗ ತೆಗೆಸಿ. ಗಿಲಾವು ಮುಗಿದು ಬಾಡಿಗೆದಾರರು ಬಂದರೆ ತೆಗೆಸೋದು ಇನ್ನೂ ಕಷ್ಟ, ಅಲ್ವಾ? ತನಿಖೆ ದಿನ ಮುಂಚೆ ತಿಳಿಸಿದರೆ ನಾನು ಮನೆಯಲ್ಲೇ ಇರುತ್ತೇನೆ. ಕೆಲಸಕ್ಕೆ ಮುಂಚಿನ, ಈಗಿನ ಫೋಟೋ ಲಗತ್ತಿಸಿದ್ದೇನೆ.

ಇಂತಿ,
ಪಶ್ಚಿಮದ ಮನೆಯ ಮಾಲೀಕ